ಎಲ್ಲಿಗೂ ಹೋಗದ ದೇವಿರಮ್ಮನ ಮೈಗ್ರೇಷನ್

ಮಂಡ್ಯದ ಗುತ್ತಲಿನ ನಮ್ಮ ಬೀದಿಯಲ್ಲಿ ದೇವಿರಮ್ಮ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಬ್ಲೌಸು. ಹೇಳಿದ ತಾರೀಕಿಗೆ ಸರಿಯಾಗಿ ಬ್ಲೌಸು ಕೈಗಿಡುವ ಟೈಲರು ಮಂಡ್ಯದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ, ಅವಳಿಗೂ ಒಂದು ನಮಸ್ಕಾರ ಹಾಕುತ್ತೇನೆ. ನಾನು ದೇವಿರಮ್ಮನ ಎದುರು ಮನೆಯವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ನನ್ನ ಸಿಟ್ಟು ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ ಎಂದು ಬೀದಿಯವರು ಆಡಿಕೊಳ್ಳುವುದು ನನಗೂ ಗೊತ್ತು.

ದೇವಿರಮ್ಮ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಕರಿಯಯ್ಯನವರ ಮಗಳು. ಮದ್ದೂರಿನ ಕೊಪ್ಪಕ್ಕೆ ಸೊಸೆಯಾಗಿ ಹೋದವಳು. ಗಂಡ ಕನಕರಾಜು ಲಗೇಜ್ ಆಟೋ ಓಡಿಸಿಕೊಂಡು ಮಂಡ್ಯಕ್ಕೆ ಬಂದ, ಇವಳೂ ಹಿಂದೆಯೇ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದಳು. ಮಕ್ಕಳಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಕನಕರಾಜು ಮಾರ್ಕೆಟ್ಟಿನಲ್ಲಿ ಟೊಮೆಟೊ ಕ್ರೇಟು ಇಳಿಸುತ್ತಾ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ತಿಥಿ ಮುಗಿಯುವವರೆಗೆ ಮನೆ ತುಂಬಾ ಜನ. ಆಮೇಲೆ ಅವಳು ಮತ್ತು ಹೊಲಿಗೆ ಮಿಷನ್ನು.

ಒಂಟಿತನ ಎಂದರೆ ಮಾತಾಡಲು ಜನರೇ ಇಲ್ಲದಿರುವುದು ಎಂದು ನಾನು ಅಂದುಕೊಂಡಿದ್ದೆ. ದೇವಿರಮ್ಮನ ಮನೆಗೆ ದಿನಕ್ಕೆ ಹತ್ತು ಹೆಂಗಸರು ಬರುತ್ತಿದ್ದರು. ಆದರೆ ಎಲ್ಲರ ಮಾತೂ ಒಂದೇ. ತೋಳು ಇಷ್ಟಿರಲಿ, ಕತ್ತು ಅಷ್ಟಿರಲಿ, ಹಿಂದೆ ಡೋರಿ ಇರಲಿ, ಶುಕ್ರವಾರಕ್ಕೆ ಬೇಕು. ಅವಳೂ ಟೇಪು ಹಿಡಿದು ಹೂಂ ಅನ್ನುತ್ತಿದ್ದಳು. ಬಂದವರಲ್ಲಿ ಒಬ್ಬಳಾದರೂ, ನಾನೂ ಸೇರಿದ ಹಾಗೆ, ನೀನು ಊಟ ಮಾಡಿದೆಯಾ ಎಂದು ಕೇಳಿದ್ದು ನನಗೆ ನೆನಪಿಲ್ಲ. ಸಂಜೆ ಮಿಷನ್ನಿನ ಸದ್ದು ನಿಂತರೆ ಆ ಮನೆಯಿಂದ ಇನ್ನೊಂದು ಸದ್ದು ಬರುತ್ತಿರಲಿಲ್ಲ, ಟಿವಿಯದ್ದೂ ಇಲ್ಲ. ಕನಕರಾಜು ಇಲ್ಲದೆ ಟಿವಿ ಹಾಕಿದರೆ ಯಾರೋ ಬೇರೆಯವರ ಮನೆಯಲ್ಲಿ ಕೂತ ಹಾಗಾಗುತ್ತದೆ ಎಂದು ಒಮ್ಮೆ ಹೇಳಿದ್ದಳು.

ಈ ಬದುಕಿಗೆ ಒಂದು ತಿರುವು ಬಂದದ್ದು ಶೋಭಿತಾಳಿಂದ. ಅವಳು ಮಳವಳ್ಳಿ ಕಡೆಯ ಹುಡುಗಿ, ಇಲ್ಲೇ ಹಾಸ್ಟೆಲ್ಲಿನಲ್ಲಿದ್ದುಕೊಂಡು ಡಿಗ್ರಿ ಮುಗಿಸಿ ಕನ್ನಡ ಎಂ.ಎ.ಗೆ ಅರ್ಜಿ ಹಾಕಿದ್ದಳು. ಅಕ್ಕನ ಮದುವೆಗೆ ಬ್ಲೌಸು ಹೊಲಿಸಲು ಬಂದವಳ ಕೈಯಲ್ಲಿ ಹಳಗನ್ನಡದ ಒಂದು ಪುಸ್ತಕವಿತ್ತು. ದೇವಿರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ಪುಸ್ತಕ ಬಿಡಿಸಿ, ಒಂದು ಪುಟವನ್ನು ಮೆಲ್ಲಗೆ ಪದ ಬಿಡಿಸಿ ಓದಿದಳಂತೆ. ಅಳತೆ ತೆಗೆದುಕೊಳ್ಳುವುದು ಮರೆತೇಹೋಯಿತಂತೆ.

"ಆಂಟಿ, ನೀವು ಓದಿದ್ದೀರಾ?"

"ಬಿ.ಎ. ಮಾಡಿವ್ನಿ ಕಣವ್ವ. ಇದೇ ಮಂಡ್ಯದ ಸರ್ಕಾರಿ ಕಾಲೇಜಲ್ಲಿ. ಐಚ್ಛಿಕ ಕನ್ನಡ."

"ಹಂಗಾದ್ರೆ ಎಂ.ಎ.ಗೆ ಹಾಕಿ ಆಂಟಿ! ಸೀಟು ಉಳಿದಿವೆ. ವಯಸ್ಸು ಗಿಯಸ್ಸು ಏನೂ ಕೇಳಲ್ಲ."

ದೇವಿರಮ್ಮ ನಕ್ಕುಬಿಟ್ಟಳು. ಮಾರನೆಯ ದಿನ ನನ್ನ ಮನೆ ಜಗಲಿಗೆ ಬಂದು ಕುಳಿತಾಗ ನಗುತ್ತಿರಲಿಲ್ಲ. "ಮೇಡಮ್ಮೋರೆ, ನಾಲ್ಕು ಜನ ಕೂತು ಒಂದು ವಿಸ್ಯ ಮಾತಾಡೋ ಜಾಗ್ದಲ್ಲಿ ಕೂತ್ಕಬೇಕು ಅನ್ಸದೆ. ಡಿಗ್ರಿ ಸಿಕ್ಲಿ ಬುಡ್ಲಿ" ಎಂದಳು. ಇಷ್ಟೇ ಅವಳ ಆಸೆ. ಎಂ.ಎ. ಮಾಡಿ ಯಾವ ಕೆಲಸವನ್ನೂ ಹಿಡಿಯುವ ಯೋಚನೆ ಇರಲಿಲ್ಲ. ಬೆಂಚಿನ ಮೇಲೆ ತನ್ನ ಪಕ್ಕ ಇನ್ನೊಬ್ಬರು ಇರಬೇಕು, ಅಷ್ಟೆ.

ಹಾಕು ಎಂದೆ. ಬಟ್ಟೆಗಳನ್ನು ಬೆಳಿಗ್ಗೆ ಮತ್ತು ಸಂಜೆ ಹೊಲಿದುಕೊಳ್ಳಬಹುದು ಎಂದು ಲೆಕ್ಕ ಹಾಕಿ ಕೊಟ್ಟೆ.

ಮನೆಯವರಿಗೆ ಹೇಳದೆ ಸೇರುವುದು ಸರಿಯಲ್ಲ ಎಂದು ಕೊಪ್ಪಕ್ಕೆ ಹೋಗಿ ಬಂದಳು. ಅತ್ತೆ ಬೀರಮ್ಮ ಕೊಟ್ಟಿಗೆ ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತಾಡಿದಳಂತೆ. "ಈ ವಯಸ್ಸಲ್ಲಿ ಅದೇನ್ ಓದೀಯೆ? ನಮ್ಮುನ್ಯಾಕ್ ಕೇಳೀಯೆ, ನಿಮ್ಮಪ್ಪನ ಮನೆ ಕಡೆ ಓಗಿ ಕೇಳು." ಪೂರಿಗಾಲಿಗೆ ಫೋನು ಮಾಡಿದರೆ ಅಣ್ಣ ಲಿಂಗರಾಜು, "ಇಷ್ಟ್ ದಿನ ಕೊಪ್ಪದೋರ್ ಮಾತು ಕೇಳ್ಕಂಡಿದ್ದೆ, ಅವ್ರನ್ನೇ ಕೇಳವ್ವ, ನಮ್ಮುನ್ನ ನಡುವೆ ಎಳೀಬ್ಯಾಡ" ಎಂದನಂತೆ. ಇಬ್ಬರೂ ಬೇಡ ಅನ್ನಲಿಲ್ಲ ನೋಡಿ. ಬೇಡ ಅನ್ನಲಾದರೂ ಇವಳು ತಮ್ಮವಳು ಎಂದು ಅನ್ನಿಸಬೇಕಲ್ಲ. ನನಗೆ ಮೈಯೆಲ್ಲ ಉರಿಯಿತು, ಅವಳು ಮಾತ್ರ ತಣ್ಣಗೆ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು.

ಆನ್‌ಲೈನ್‌ ಅರ್ಜಿಯನ್ನು ಶೋಭಿತಾಳೇ ತುಂಬಿದಳು. ಸೀಟು ಬಂತು. ದಾಖಲೆ ಪರಿಶೀಲನೆಯ ದಿನ ದೇವಿರಮ್ಮ ಕನಕರಾಜುವಿನ ಹಳೆಯ ರೆಕ್ಸಿನ್ ಫೈಲಿನಲ್ಲಿ ಎಲ್ಲವನ್ನೂ ಜೋಡಿಸಿಕೊಂಡು ಹೋದಳು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ. ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ. ಕಚೇರಿಯಲ್ಲಿ ಪರಿಶೀಲನೆಗೆ ಕುಳಿತಿದ್ದವರು ಜಯಪ್ರಕಾಶ್ ಎಂಬ ಗುಮಾಸ್ತರು. ಒಂದೊಂದೇ ಮೂಲ ಪ್ರತಿ ನೋಡಿ, ಜೆರಾಕ್ಸಿಗೆ ತಾಳೆ ಹಾಕಿ, ಮೂಲವನ್ನು ಅವಳ ಕೈಗೇ ಹಿಂದಿರುಗಿಸಿದರು.

"ಟಿ.ಸಿ. ಮತ್ತೆ ಮೈಗ್ರೇಷನ್ ಸರ್ಟಿಫಿಕೇಟು ಎಲ್ಲಮ್ಮ?"

"ಮೈಗ್ರೇಷನ್ನಾ? ಅದ್ಯಾಕ್ ಸಾರ್? ನಾನು ಎಲ್ಲಿಂದ್ಲೂ ಬಂದಿಲ್ಲ. ಇದೇ ಕಾಲೇಜಲ್ಲಿ ಓದಿದ್ದು. ಆ ಕಡೆ ಬಿಲ್ಡಿಂಗ್‌ನಾಗೇ ನಮ್ ಕ್ಲಾಸಿತ್ತು."

ಇದು ಮಂಡ್ಯದವರು ಮಾತ್ರ ಮಾಡಬಹುದಾದ ತಪ್ಪು. ಅವಳು ಓದುವಾಗ ಅದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಈಗ ಅದೇ ಕಾಂಪೌಂಡು, ಅದೇ ಕಟ್ಟಡಗಳು ಮಂಡ್ಯ ವಿಶ್ವವಿದ್ಯಾಲಯ. ಜಾಗ ಒಂದೇ, ಸಂಸ್ಥೆ ಬೇರೆ. ಜಯಪ್ರಕಾಶ್ ಅವಳ ಪದವಿ ಪ್ರಮಾಣಪತ್ರದ ಮೇಲ್ಭಾಗದ ಮೇಲೆ ಬೆರಳಿಟ್ಟು ತೋರಿಸಿದರು.

"ಇಲ್ಲಿ ಏನ್ ಬರೆದದೆ ಓದಿ. ಮೈಸೂರು. ನೀವು ಆ ಯೂನಿವರ್ಸಿಟಿಯೋರು, ಇದು ಬೇರೆ ಯೂನಿವರ್ಸಿಟಿ. ಅಲ್ಲಿಂದ ಬಿಟ್ಟು ಬಂದಿದ್ದೀರಿ ಅಂತ ಅವ್ರು ಬರ್ದು ಕೊಡ್ಬೇಕು."

"ಬಿಟ್ಟೇ ಇಲ್ವಲ್ಲ ಸಾರ್."

"ನೀವು ಬಿಡ್ಲಿಲ್ಲ ಕಣಮ್ಮ. ಯೂನಿವರ್ಸಿಟಿ ನಿಮ್ಮನ್ನ ಬಿಟ್ಟು ಓಯ್ತು."

ಆ ಮಾತನ್ನು ಅವರು ತಮಾಷೆಗೆ ಹೇಳಿದ್ದು. ಸುತ್ತಲಿದ್ದ ಹುಡುಗರು ನಕ್ಕರಂತೆ. ದೇವಿರಮ್ಮನಿಗೆ ನಗು ಬರಲಿಲ್ಲ. ಇರುವ ಕಡೆಯೇ ಇದ್ದವಳನ್ನು ಎಲ್ಲರೂ ಬಿಟ್ಟು ಹೋಗುವುದು ಅವಳಿಗೆ ಹೊಸದೇನಲ್ಲವಲ್ಲ.

ಜಯಪ್ರಕಾಶ್ ಒಳ್ಳೆಯವರು. ಮೈಗ್ರೇಷನ್ ತಂದುಕೊಡುತ್ತೇನೆ ಎಂದು ಮುಚ್ಚಳಿಕೆ ಬರೆಸಿಕೊಂಡು ತಾತ್ಕಾಲಿಕವಾಗಿ ಸೇರಿಸಿಕೊಂಡರು. ಮೂಲ ಪ್ರತಿ ಬರುವ ತನಕ ದಾಖಲಾತಿ ಪಕ್ಕಾ ಆಗುವುದಿಲ್ಲ, ನೋಂದಣಿ ಸಂಖ್ಯೆ ಬರುವುದಿಲ್ಲ, ನೋಂದಣಿ ಸಂಖ್ಯೆ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ ಎಂದು ಬಿಡಿಸಿ ಹೇಳಿದರು.

ಮೊದಲು ಟಿ.ಸಿ. ಅವಳು ಬಿ.ಎ. ಮುಗಿಸಿದ ಮೇಲೆ ಅದನ್ನು ತೆಗೆದುಕೊಂಡೇ ಇರಲಿಲ್ಲ. ಮುಂದೆ ಓದದವರು ಯಾರು ತೆಗೆದುಕೊಳ್ಳುತ್ತಾರೆ? ಹಳೆಯ ಕಾಲೇಜಿನ ದಾಖಲೆಗಳು ಅದೇ ಆವರಣದಲ್ಲಿದ್ದವು. ಅರ್ಜಿ ಕೊಟ್ಟು, ಹಳೆಯ ಪ್ರವೇಶ ಪುಸ್ತಕದಲ್ಲಿ ಹೆಸರು ಹುಡುಕಿಸಿ, ಟಿ.ಸಿ. ತೆಗೆದುಕೊಂಡು, ಅದಕ್ಕೊಂದು ಜೆರಾಕ್ಸ್ ಮಾಡಿಸಿ, ಮೂಲವನ್ನು ಪಕ್ಕದ ಕಿಟಕಿಗೇ ಕೊಟ್ಟಳು. ಈ ಕಿಟಕಿಯಲ್ಲಿ ಬಿಡಿಸಿಕೊಂಡು ಆ ಕಿಟಕಿಯಲ್ಲಿ ಸೇರಿಕೊಂಡಂತಾಯಿತು ಎಂದು ನನ್ನೆದುರು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು.

ಮೈಗ್ರೇಷನ್ನಿಗೆ ಮೈಸೂರಿಗೇ ಹೋಗಬೇಕಾಯಿತು. ನಾನೂ ಜೊತೆಗೆ ಹೋದೆ, ಕಚೇರಿ ಎಂದರೆ ಅವಳಿಗೆ ಭಯ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಕೌಂಟರಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ನಮ್ಮ ಮುಂದೆ ಇಬ್ಬರು. ಮೊದಲನೆಯವಳು ಬಿ.ಎಸ್ಸಿ. ಮುಗಿಸಿ ಅಲ್ಲೇ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ.ಗೆ ಸೇರಿದ ಹುಡುಗಿ. "ನೀನು ನಮ್ಮ ಯೂನಿವರ್ಸಿಟಿ ಒಳಗೇ ಇದೀಯಲ್ಲಮ್ಮ, ನಿನಗೆ ಮೈಗ್ರೇಷನ್ ಯಾತಕ್ಕೆ? ಟಿ.ಸಿ. ಸಾಕು" ಎಂದು ಅವಳನ್ನು ಕಳಿಸಿದಳು. ಎರಡನೆಯವನು ಜರ್ಮನಿಗೆ ಓದಲು ಹೊರಟ ಹುಡುಗ. ಏಜೆಂಟು ಎಲ್ಲಾ ಸರ್ಟಿಫಿಕೇಟು ಮಾಡಿಸಿಟ್ಟುಕೋ ಎಂದಿದ್ದನಂತೆ.

"ಅಲ್ಲಿ ಕಾಲೇಜಿನವರು ಕೇಳಿದಾರಾ? ಅವರು ಕಳಿಸಿರೋ ಪಟ್ಟಿ ತೋರಿಸಪ್ಪ."

ಹುಡುಗ ಮೊಬೈಲು ಕೊಟ್ಟ. ಅವಳು ಮೇಲಿನಿಂದ ಕೆಳಗೆ ಓದಿ, "ಪದವಿ ಸರ್ಟಿಫಿಕೇಟು, ಎಲ್ಲಾ ಸೆಮಿಸ್ಟರ್ ಅಂಕಗಳ ಟ್ರಾನ್ಸ್‌ಕ್ರಿಪ್ಟು ಕೇಳವ್ರೆ. ಮೈಗ್ರೇಷನ್ ಇಲ್ಲ. ಹೊರದೇಶದವರು ಸಾಮಾನ್ಯವಾಗಿ ಕೇಳಲ್ಲ. ಬೇಕು ಅಂತ ಅವರೇ ಬರೆದ್ರೆ ಬಾ. ಈಗ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕು" ಎಂದಳು.

ಆಮೇಲೆ ನಮ್ಮ ಸರದಿ. "ನೀವು ಎಲ್ಲಿಗಮ್ಮ?"

"ಮಂಡ್ಯಕ್ಕೆ."

"ಇರೋದು?"

"ಮಂಡ್ಯದಲ್ಲೇ."

ಸಮುದ್ರ ದಾಟುವವನಿಗೆ ಬೇಡ, ಗುತ್ತಲಿನಿಂದ ಕಾಲೇಜಿಗೆ ನಡೆದು ಹೋಗುವವಳಿಗೆ ಬೇಕು. ನನ್ನ ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಕೌಂಟರಿನವಳು ಮಾತ್ರ ನಗಲಿಲ್ಲ. "ಮಂಡ್ಯದಿಂದ ಇಂಥೋರು ಬರ್ತಾನೇ ಇರ್ತಾರೆ" ಎಂದು ಅರ್ಜಿ ಕೊಟ್ಟಳು. ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಟಿ.ಸಿ.ಯ ಪ್ರತಿಗಳು, ಶುಲ್ಕ ಕಟ್ಟಿದ ರಸೀದಿ ಎಲ್ಲವನ್ನೂ ಲಗತ್ತಿಸಿ ಕೊಟ್ಟು ಬಂದೆವು. ಕೆಲವು ದಿನಗಳ ನಂತರ ಅವಳೊಬ್ಬಳೇ ಹೋಗಿ ಸರ್ಟಿಫಿಕೇಟು ತಂದಳು.

ಅವತ್ತು ಬಸ್ಸಿಳಿದವಳು ಮನೆಗೂ ಹೋಗದೆ ನೇರ ನಮ್ಮ ಮನೆಗೆ ಬಂದಳು. ಪ್ಲಾಸ್ಟಿಕ್ ಕವರಿನೊಳಗಿನ ಕಾಗದವನ್ನು ನನ್ನ ಮುಂದೆ ಹಿಡಿದಳು. ಅವಳ ಹೆಸರು, ಪಾಸಾದ ವರ್ಷ, ಬೇರೆ ವಿಶ್ವವಿದ್ಯಾಲಯ ಸೇರಲು ಈ ವಿಶ್ವವಿದ್ಯಾಲಯದ ಆಕ್ಷೇಪಣೆ ಏನೂ ಇಲ್ಲ ಎಂಬ ಒಕ್ಕಣೆ, ಸಹಿ, ಮೊಹರು. ಅಷ್ಟೆ.

"ಆಕ್ಷೇಪಣೆ ಇಲ್ಲ ಅಂತ ಬರ್ದವ್ರೆ ಮೇಡಮ್ಮೋರೆ" ಎಂದಳು. "ಪೂರಿಗಾಲಿ ಬುಟ್ಟಾಗ ನಮ್ಮವ್ವ ಕಣ್ಣೀರಾಕ್ಕಂಡು ಕಳ್ಸುದ್ಲು. ಕೊಪ್ಪ ಬುಟ್ಟಾಗ ಅತ್ತೆ ಸಾಪ ಆಕುದ್ಲು. ಓಗು, ನಮ್ದೇನೂ ಅಡ್ಡಿ ಇಲ್ಲ ಅಂತ ಒಬ್ರೂ ಅಂದಿರ್ಲಿಲ್ಲ."

ಅದು ಅಚ್ಚಾದ ಫಾರಂ, ಎಲ್ಲರಿಗೂ ಅದನ್ನೇ ಬರೆಯುತ್ತಾರೆ ಎಂದು ಹೇಳುವಷ್ಟು ಕಟುಕಿ ನಾನಲ್ಲ. ಸುಮ್ಮನೆ ಕಾಫಿ ಕೊಟ್ಟೆ.

ಅಷ್ಟರಲ್ಲಿ ತರಗತಿಗಳು ಶುರುವಾಗಿದ್ದವು. ದೇವಿರಮ್ಮ ಮೂರನೆಯ ಬೆಂಚಿನಲ್ಲಿ ಶೋಭಿತಾಳ ಪಕ್ಕ ಕೂರುತ್ತಿದ್ದಳು. ಸಂಜೆ ಬಂದರೆ ಮಿಷನ್ನು ತುಳಿಯುತ್ತಲೇ ಅವತ್ತಿನ ಪಾಠವನ್ನು ನನಗೆ ಒಪ್ಪಿಸುತ್ತಿದ್ದಳು. ಕ್ಲಾಸಿನಲ್ಲಿ ಯಾರು ಏನಂದರು, ಯಾರ ಪ್ರಶ್ನೆಗೆ ಮೇಡಂ ಏನು ಉತ್ತರ ಕೊಟ್ಟರು, ಮಧ್ಯಾಹ್ನ ಯಾರ ಡಬ್ಬಿಯಲ್ಲಿ ಏನಿತ್ತು. ಹುಡುಗಿಯರು ಅವಳ ಅವರೆಕಾಳು ಉಪ್ಸಾರಿಗೆ ಮುಗಿಬೀಳುತ್ತಾರೆ ಎಂದು ಹೆಮ್ಮೆ. ಒಂದೇ ಒಂದು ಕೊರತೆ ಹೇಳುತ್ತಿದ್ದಳು. ಹಾಜರಿ ಪಟ್ಟಿಯಲ್ಲಿ ಎಲ್ಲರ ಹೆಸರೂ ಅಚ್ಚಾಗಿದೆ, ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ. ಇವಳದು ಮಾತ್ರ ಕಟ್ಟಕಡೆಗೆ, ಪೆನ್ನಿನಲ್ಲಿ ಬರೆದದ್ದು. ಮೇಡಂ ಎಲ್ಲರನ್ನೂ ಕರೆದು ಪುಸ್ತಕ ಮುಚ್ಚುವಾಗ ನೆನಪಾಗಿ, "ಹಾಂ, ದೇವಿರಮ್ಮ" ಎನ್ನುತ್ತಿದ್ದರಂತೆ. ಕೆಲವು ದಿನ ನೆನಪಾಗುತ್ತಲೂ ಇರಲಿಲ್ಲ.

"ಮೈಗ್ರೇಷನ್ ಕೊಟ್ಟೆಯಲ್ಲ, ಸರಿಹೋಗುತ್ತದೆ ಬಿಡು" ಎಂದೆ.

ಅವಳು ಕತ್ತರಿ ಹುಡುಕುವವಳ ಹಾಗೆ ಬಟ್ಟೆಯ ರಾಶಿ ಕೆದಕಿದಳು. ನಾನು ಅದನ್ನು ಅಲ್ಲಿಗೇ ಬಿಟ್ಟೆ.

ನನಗೆ ಆಮೇಲೆ ತಿಳಿದಂತೆ ನಡೆದದ್ದು ಹೀಗೆ. ಅವಳು ಕಚೇರಿಗೆ ಹೋಗಿದ್ದು ನಿಜ. ಮೂಲವನ್ನು ತೋರಿಸಿ ಜೆರಾಕ್ಸು ಕೊಟ್ಟಳು, ಅಂಕಪಟ್ಟಿಗೆ ಮಾಡಿದ ಹಾಗೆಯೇ. ಜಯಪ್ರಕಾಶ್ ಜೆರಾಕ್ಸನ್ನು ಪಕ್ಕಕ್ಕಿಟ್ಟು ಮೂಲಕ್ಕೆ ಕೈ ನೀಡಿದರು.

"ಕೊಟ್ರೆ ವಾಪಸ್ ಯಾವಾಗ ಕೊಡ್ತೀರಿ ಸಾರ್?"

"ವಾಪಸ್ ಇಲ್ಲಮ್ಮ. ಅಂಕಪಟ್ಟಿ ಬೇರೆ, ಇದು ಬೇರೆ. ಇದು ಇಲ್ಲೇ ಉಳಿಯೋದು."

ದೇವಿರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ನಾಳೆ ತಂದುಕೊಡುತ್ತೇನೆ ಎಂದು ಹೇಳಿ ಬಂದುಬಿಟ್ಟಳು. ಆ ನಾಳೆ ಬರಲೇ ಇಲ್ಲ.

ಟಿ.ಸಿ. ಎಂದರೆ ಶಾಲೆ ಬದಲಿಸುವಾಗ ಕೊಡುವುದೇ ಎಂದು ಅವಳಿಗೆ ಗೊತ್ತಿತ್ತು, ಇದು ಹಾಗಲ್ಲ ಅನ್ನಿಸಿತು. ಅದಕ್ಕೆ ಕಾರಣ ಕನಕರಾಜು. ಅವನು ಐ.ಟಿ.ಐ. ಮಾಡಿದ್ದವನು. ಮದುವೆಯಾದ ಹೊಸದರಲ್ಲಿ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸುತ್ತೇನೆಂದ ಒಬ್ಬ ಮಧ್ಯವರ್ತಿಗೆ ಮೂಲ ಅಂಕಪಟ್ಟಿಗಳನ್ನೆಲ್ಲ ಒಪ್ಪಿಸಿದ್ದ. ಆ ಮನುಷ್ಯ ಊರು ಬಿಟ್ಟ, ಅಂಕಪಟ್ಟಿಯೂ ಹೋಯಿತು. ಹೊಸದು ಮಾಡಿಸುವಷ್ಟರಲ್ಲಿ ಕರೆದಿದ್ದ ಇನ್ನೊಂದು ಕೆಲಸವೂ ಕೈತಪ್ಪಿತು. ಆಟೋ ಕೊಂಡ. ಸಾಯುವವರೆಗೂ ಹೆಂಡತಿಗೆ ಒಂದೇ ಮಾತು ಹೇಳುತ್ತಿದ್ದ: "ಪ್ರಾಣ ಬೇಕಾರೆ ಕೊಡು, ಒರಿಜಿನಲ್ ಯಾವನ್ಗೂ ಕೊಡಬ್ಯಾಡ." ಅವನು ಬಿಟ್ಟುಹೋದದ್ದರಲ್ಲಿ ಆ ರೆಕ್ಸಿನ್ ಫೈಲೂ ಒಂದು, ಆ ಮಾತೂ ಒಂದು. ಫೈಲನ್ನು ಅವಳು ದೇವರ ಫೋಟೋದ ಹಿಂದೆ ಇಟ್ಟಿದ್ದಳು. ಮೈಗ್ರೇಷನ್ನೂ ಅಲ್ಲಿಗೇ ಸೇರಿತು. ಗಂಡನ ಮಾತು ಉಳಿಸಿದೆ ಎಂಬ ಸಮಾಧಾನ ಒಂದು ಕಡೆ. ತನಗೆ ಆಕ್ಷೇಪಣೆಯಿಲ್ಲ ಎಂದು ಬರೆದ ಒಂದೇ ಕಾಗದ ತನ್ನ ಮನೆಯಲ್ಲೇ ಇದೆ ಎಂಬುದು ಇನ್ನೊಂದು ಕಡೆ.

ಕಚೇರಿಯಿಂದ ಎರಡು ಸಲ ನೋಟೀಸು ಬೋರ್ಡಿಗೆ ಹೆಸರು ಹಾಕಿದರು. ಅವಳು ಆ ಬೋರ್ಡಿನ ಪಕ್ಕ ತಲೆ ತಗ್ಗಿಸಿಕೊಂಡು ಹಾದುಹೋದಳು. ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಕಿವಿ ಹಿಂಡಿ ಕರೆದುಕೊಂಡು ಹೋಗುತ್ತಿದ್ದೆ. ಅದು ಗೊತ್ತಿದ್ದೇ ಹೇಳಲಿಲ್ಲ ಅನ್ನಿ.

ಮೊದಲ ಸೆಮಿಸ್ಟರ್ ಪರೀಕ್ಷೆಗೆ ಅರ್ಜಿ ತುಂಬುವ ದಿನ ಬಂತು. ಹುಡುಗ ಹುಡುಗಿಯರು ಗುಂಪಾಗಿ ಕಂಪ್ಯೂಟರ್ ಅಂಗಡಿಗೆ ಹೋದರು. ಇವಳೂ ಹೋದಳು. ನೋಂದಣಿ ಸಂಖ್ಯೆ ಹಾಕಬೇಕಿತ್ತು. ಎಲ್ಲರಿಗೂ ಇತ್ತು, ಇವಳಿಗಿಲ್ಲ. ಶೋಭಿತಾ ಎರಡೆರಡು ಸಲ ಹುಡುಕಿ, "ಆಂಟಿ, ನಿಮ್ಮ ಹೆಸರೇ ತೋರಿಸ್ತಿಲ್ಲ" ಎಂದಳು. ಹಿಂದೆ ಸಾಲಿನಲ್ಲಿದ್ದವರು ಅವಸರ ಮಾಡಿದರು. ದೇವಿರಮ್ಮ ಪಕ್ಕಕ್ಕೆ ಸರಿದು, ನೀವು ತುಂಬಿ ಬನ್ನಿ ಎಂದು ಹೇಳಿ, ಒಬ್ಬಳೇ ಖಾಲಿ ತರಗತಿಗೆ ಹೋಗಿ ಮೂರನೆಯ ಬೆಂಚಿನಲ್ಲಿ ಕುಳಿತಳಂತೆ. ಬೆಂಚಿನ ಮೇಲೆ ಶೋಭಿತಾಳ ನೀರಿನ ಬಾಟಲಿ ಇತ್ತು. ಹೊರಗೆ ಎಲ್ಲರೂ ಮಾತಾಡುತ್ತಾ ನಗುತ್ತಿದ್ದದ್ದು ಕೇಳುತ್ತಿತ್ತು. "ತಿಥಿ ಮುಗ್ದು ಎಲ್ರೂ ಎದ್ದೋದ್ ದಿನ ಮನೇಲಿ ಇಂಗೇ ಆಗಿತ್ತು" ಎಂದು ಅವಳು ಆಮೇಲೆ ನನಗೆ ಹೇಳಿದಳು. ಇಷ್ಟು ತಿಂಗಳು ತನ್ನದೆಂದುಕೊಂಡ ಬೆಂಚು ತನ್ನದಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಎದ್ದು ಕಚೇರಿಗೆ ಹೋದಳು. ಜಯಪ್ರಕಾಶ್ ಊಟದ ಡಬ್ಬಿ ಬಿಚ್ಚುತ್ತಿದ್ದವರು ಮುಚ್ಚಿದರು.

"ಎಲ್ಲಮ್ಮ ಓಗಿದ್ರಿ ಇಷ್ಟ್ ದಿನ? ನಾಳೆ ಅಂದ್ರಿ, ಎಷ್ಟ್ ನಾಳೆ ಓಯ್ತು?"

ಅವಳು ಕನಕರಾಜುವಿನ ಕಥೆಯನ್ನೆಲ್ಲ ಹೇಳಿದಳು. ಮಧ್ಯವರ್ತಿ, ಅಂಕಪಟ್ಟಿ, ಅವನ ಮಾತು. ಹೇಳುತ್ತಾ ಹೇಳುತ್ತಾ ಅತ್ತಳು. ಜಯಪ್ರಕಾಶ್ ತಡೆಯಲಿಲ್ಲ.

"ನಿಮ್ ಯಜಮಾನ್ರು ಏಳಿದ್ದು ಸರಿನೇ" ಎಂದರು. "ಅಂಕಪಟ್ಟಿ, ಡಿಗ್ರಿ ಯಾರಿಗೂ ಕೊಡಬ್ಯಾಡಿ, ನಾವೂ ಇಟ್ಕೊಂಡಿಲ್ಲ. ಅದು ನಿಮ್ದು. ಇದು ನಿಮ್ದಲ್ಲ ಕಣಮ್ಮ. ಇದು ಅವ್ರು ನಮಗೆ ಬರ್ದಿರೋ ಕಾಗದ. ನಿಮ್ ಕೈಲಿ ಕಳ್ಸವ್ರೆ, ಅಷ್ಟೆ. ನಿಮ್ಮನೇಲೇ ಇಟ್ಕಂಡ್ರೆ ಏನಾಯ್ತದೆ ಗೊತ್ತಾ? ಮೈಸೂರಿನೋರು ಇವ್ರು ನಮ್ಮೋರಲ್ಲ ಅಂತ ಬರ್ದಾಗದೆ. ನಮಗೆ ಅದು ಸಿಗೋಗಂಟ ನೀವು ನಮ್ಮೋರೂ ಅಲ್ಲ. ಮತ್ತೆ ಯಾರೋರಮ್ಮ ನೀವು?"

ಅವರಿಗೆ ಕೊಪ್ಪ ಗೊತ್ತಿಲ್ಲ, ಪೂರಿಗಾಲಿ ಗೊತ್ತಿಲ್ಲ. ಬೀರಮ್ಮನ ಕೊಟ್ಟಿಗೆ ಬಾಗಿಲೂ ಲಿಂಗರಾಜುವಿನ ಫೋನೂ ಗೊತ್ತಿಲ್ಲ. ಕಚೇರಿಯ ನಿಯಮವನ್ನು ತಮ್ಮ ಮಾತಿನಲ್ಲಿ ಹೇಳಿದರು, ಅಷ್ಟೆ.

"ಇವತ್ತು ಸಂಜೆ ಒಳಗೆ ತಂದ್ರೆ ಸಾಹೇಬ್ರತ್ರ ಮಾತಾಡ್ತೀನಿ. ತಡವಾಗಿದೆ, ದಂಡ ಕಟ್ಟಬೇಕಾಯ್ತದೆ. ಅರ್ಜಿ ತುಂಬೋ ಕಡೇ ದಿನದೊಳಗೆ ನಂಬರ್ ಬಂದ್ರೆ ನಿಮ್ ಅದೃಷ್ಟ. ಬರ್ಲಿಲ್ಲ ಅಂದ್ರೆ ಈ ಸೆಮಿಸ್ಟರ್ ಓಯ್ತು. ನಾನು ಮಾತು ಕೊಡಲ್ಲ."

ಅವಳು ಓಡಿ ಬಂದದ್ದನ್ನು ನಾನು ಜಗಲಿಯಿಂದ ನೋಡಿದೆ. ಸೆರಗು ಎಲ್ಲೋ, ಚಪ್ಪಲಿ ಎಲ್ಲೋ. ಏನೇ ಎಂದು ಕೂಗಿದೆ, ನೇರ ಒಳಗೆ ನುಗ್ಗಿದಳು. ಹಿಂದೆಯೇ ಹೋದೆ. ದೇವರ ಫೋಟೋದ ಹಿಂದಿನಿಂದ ಫೈಲು ತೆಗೆದು ನೆಲದ ಮೇಲೆ ಕುಳಿತಿದ್ದಳು. ಗೋಡೆಯ ಮೇಲೆ ಕನಕರಾಜುವಿನ ಫೋಟೋ. ಆಗ ನನಗೆ ಎಲ್ಲಾ ಹೇಳಿದಳು. ಬೈಯಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಆ ಮುಖ ನೋಡಿದರೆ ಬೈಗುಳ ಹೊರಡುವ ಹಾಗಿರಲಿಲ್ಲ.

"ಅವ್ರ ಮಾತು ಮೀರ್ದಂಗಾಯ್ತದಾ ಮೇಡಮ್ಮೋರೆ?"

"ಅವನು ನಿನ್ನ ಕೈ ಖಾಲಿಯಾಗಬಾರದು ಅಂತ ಹೇಳಿದ್ದು" ಎಂದೆ. "ಇದನ್ನು ಹಿಡಿದುಕೊಂಡು ಕೂತರೆ ಖಾಲಿಯೇ ಆಗೋದು. ಏಳು."

ಫೋಟೋದ ಕಡೆ ಒಮ್ಮೆ ನೋಡಿದಳು. ಏನೋ ಗೊಣಗಿದಳು, ನನಗೆ ಕೇಳಲಿಲ್ಲ, ಕೇಳಿಸಬೇಕೆಂದೂ ಹೇಳಿದ್ದಲ್ಲ. ದಾರಿಯಲ್ಲಿ ಒಂದು ಜೆರಾಕ್ಸು ಮಾಡಿಸಿಕೊಳ್ಳುತ್ತೇನೆ ಎಂದಳು. ಹತ್ತು ಮಾಡಿಸಿಕೋ ಎಂದೆ. ಒಂದೇ ಸಾಕು ಎಂದಳು.

ಜಯಪ್ರಕಾಶ್ ಮೂಲವನ್ನು ತೆಗೆದುಕೊಂಡು, ಸ್ವೀಕೃತಿ ಬರೆದು ಮೊಹರು ಒತ್ತಿ ಕೊಟ್ಟರು. ದಂಡವನ್ನೂ ಕಟ್ಟಿದಳು. ಮನೆಗೆ ಬಂದು ಮಿಷನ್ನಿನ ಮುಂದೆ ಕುಳಿತಳು, ತುಳಿಯಲಿಲ್ಲ. ಆಮೇಲಿನ ದಿನಗಳಲ್ಲಿ ಕ್ಲಾಸಿಗೂ ಹೋಗಲಿಲ್ಲ. ಯಾರೂ ಅಲ್ಲದವಳು ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದಳು. ಶುಕ್ರವಾರಕ್ಕೆ ಬೇಕು ಎಂದವರ ಬ್ಲೌಸು ಶುಕ್ರವಾರಕ್ಕೆ ಆಗಲಿಲ್ಲ. ಜನ ಬಾಗಿಲಲ್ಲಿ ನಿಂತು ಗೊಣಗಿ ಹೋದರು. ನಾನು ಸಾರು ಕೊಟ್ಟು ಬಂದೆ, ಪಾತ್ರೆ ಹಾಗೇ ವಾಪಸು ಬಂತು. ಅಷ್ಟು ಒಂಟಿಯಾಗಿ ಅವಳನ್ನು ನಾನು ಕನಕರಾಜು ಸತ್ತಾಗಲೂ ನೋಡಿರಲಿಲ್ಲ.

ಅರ್ಜಿ ತುಂಬಲು ಕಡೆಯ ದಿನ ಬೆಳಿಗ್ಗೆ ಶೋಭಿತಾ ಫೋನು ಮಾಡಿದಳು. "ಆಂಟಿ, ನಂಬರ್ ಬಂದದೆ! ಬೇಗ ಬನ್ನಿ, ನಾನು ಕಂಪ್ಯೂಟರ್ ಅಂಗಡೀಲಿ ಕೂತಿವ್ನಿ." ದೇವಿರಮ್ಮ ಹೋಗಿ ಅರ್ಜಿ ತುಂಬಿಸಿದಳು. ಶೋಭಿತಾ ಕೈ ಹಿಡಿದು ಎಳೆದುಕೊಂಡು ತರಗತಿಗೂ ಕರೆದುಕೊಂಡು ಹೋದಳು. ಮುಂದಿನದನ್ನು ನನಗೆ ಹೇಳಿದ್ದು ಶೋಭಿತಾಳೇ.

ಮೇಡಂ ಹೊಸ ಹಾಜರಿ ಪುಸ್ತಕ ತೆರೆದರು. ಹೊಸದಾಗಿ ಅಚ್ಚು ಮಾಡಿಸಿದ ಪಟ್ಟಿ. ಭವ್ಯಾ ಎಂದರು, ಚೈತ್ರಾ ಎಂದರು. ಆಮೇಲೆ "ದೇವಿರಮ್ಮ" ಎಂದರು. ಉತ್ತರ ಬರಲಿಲ್ಲ. ದೇವಿರಮ್ಮ ಮೂರನೆಯ ಬೆಂಚಿನಲ್ಲೇ ಇದ್ದಳು, ಕೈ ಕಟ್ಟಿಕೊಂಡು ತಲೆ ತಗ್ಗಿಸಿ ಕುಳಿತಿದ್ದಳು. ಎಲ್ಲರದೂ ಮುಗಿದ ಮೇಲೆ, ಪುಸ್ತಕ ಮುಚ್ಚುವಾಗ ತನ್ನ ಹೆಸರು ಬರುತ್ತದೆಂದು ಎಂದಿನಂತೆ ಕಾಯುತ್ತಿದ್ದಳು.

"ದೇವಿರಮ್ಮ ಬಂದಿಲ್ವಾ?" ಎಂದು ಮೇಡಂ ಇನ್ನೊಮ್ಮೆ ಕೇಳಿದರು.

ಇಡೀ ಕ್ಲಾಸು ಅವಳ ಕಡೆ ತಿರುಗಿತು. ಶೋಭಿತಾ ಮೊಣಕೈಯಲ್ಲಿ ತಿವಿದಳು. "ಆಂಟಿ, ನಿಮ್ಮುನ್ನೇ ಕರೀತಾ ಇರೋದು."

ದೇವಿರಮ್ಮ ಎದ್ದು ನಿಂತಳು. ಕೂತೇ ಹೇಳಬಹುದಿತ್ತು, ಯಾರೂ ಎದ್ದು ನಿಲ್ಲುವುದಿಲ್ಲ.

"ಇದೀನಿ ಮೇಡಂ" ಎಂದಳಂತೆ. "ಇಲ್ಲೇ ಇದೀನಿ."